ಮೊಳಕೆ ಬಂದ ಆಲೂಗಡ್ಡೆ: ಕುಕ್ಕರ್‌ಗೆ ಹಾಕುವ ಮುಂಚೆ ಚಾಕು ಹಿಡಿಯಿರಿ

ಪ್ರಶ್ನೆ: ಮೇಡಂ, ಕಡಿಮೆಗೆ ಸಿಕ್ತು ಅಂತ ಹೋದ ತಿಂಗಳು ಐದು ಕೆಜಿ ಆಲೂಗಡ್ಡೆ ಒಟ್ಟಿಗೆ ತಂದಿದ್ದೆ. ಈಗ ನೋಡಿದರೆ ಅರ್ಧಕ್ಕರ್ಧ ಮೊಳಕೆ ಬಂದಿವೆ, ಕೆಲವು ಒಂದು ಕಡೆ ಹಸಿರಾಗಿವೆ. ಅತ್ತೆ "ಮೊಳಕೆ ಕಿತ್ತು ಕುಕ್ಕರ್‌ಗೆ ಹಾಕು, ಮೂರು ವಿಷಲ್‌ಗೆ ಎಲ್ಲಾ ಹೋಗುತ್ತೆ, ನಾವೆಲ್ಲ ತಿಂದಿಲ್ವಾ" ಅಂತಾರೆ. ಮನೆಯವರು ಎಲ್ಲಾ ಎಸಿ ಅಂತಾರೆ. ಐದು ವರ್ಷದ ಮಗಳಿದ್ದಾಳೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಸಾಡಲಿ? (ರಾಜಾಜಿನಗರದ ಓದುಗರು)

ಉತ್ತರ: ಎಲ್ಲವನ್ನೂ ಎಸೆಯಬೇಕಾಗಿಲ್ಲ. ಆದರೆ ಕುಕ್ಕರ್ ಮೇಲೆ ಭಾರ ಹಾಕಬೇಡಿ. ಮೂರು ವಿಷಲ್ ಅಲ್ಲ, ಹತ್ತು ಕೂಗಿಸಿದರೂ ಅದರೊಳಗಿನ ವಿಷ ಹೋಗುವುದಿಲ್ಲ. ಏನು ತೆಗೆಯಬೇಕೋ ಅದನ್ನು ಚಾಕುವಿನಲ್ಲಿ, ಬೇಯಿಸುವ ಮುಂಚೆಯೇ ತೆಗೆಯಬೇಕು. ತೆಗೆಯಲು ಆಗದಷ್ಟು ಒಳಗೆ ಇಳಿದಿದ್ದರೆ ಆ ಗಡ್ಡೆ ಕಸಕ್ಕೆ. ಈಗ ಒಂದೊಂದಾಗಿ ನೋಡೋಣ, ಯಾಕೆ ಅಂತ ಗೊತ್ತಾದರೆ ಮುಂದಿನ ಸಲ ನೀವೇ ತೀರ್ಮಾನ ಮಾಡಬಹುದು.

ಆಲೂಗಡ್ಡೆ ಬೇರಲ್ಲ, ನೆಲದೊಳಗೆ ಊದಿಕೊಂಡ ಕಾಂಡ. ಹಾಗಾಗಿ ಬೆಳಕು ಬಿದ್ದ ಕೂಡಲೇ ಅದು ಕಾಂಡದ ಹಾಗೆಯೇ ನಡೆದುಕೊಳ್ಳಲು ಶುರುಮಾಡುತ್ತದೆ. ಸಿಪ್ಪೆ ಕೆಳಗೆ ಹಸಿರು ಬರುತ್ತದೆ. ಈ ಹಸಿರು ಬರೀ ಕ್ಲೋರೋಫಿಲ್, ಕೊತ್ತಂಬರಿ ಸೊಪ್ಪಿನಲ್ಲಿ ಇರುವುದೇ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ತೊಂದರೆ ಇರುವುದು ಅದರ ಜೊತೆಗೇ, ಅದೇ ಬೆಳಕಿಗೆ, ಅದೇ ಜಾಗದಲ್ಲಿ ಹೆಚ್ಚಾಗುವ ಇನ್ನೆರಡು ವಸ್ತುಗಳಲ್ಲಿ: ಸೋಲನೈನ್ ಮತ್ತು ಚಾಕೊನೈನ್. ಹುಳ, ಬೂಸ್ಟು ತನ್ನನ್ನು ತಿನ್ನದಿರಲಿ ಅಂತ ಗಿಡ ಮಾಡಿಕೊಳ್ಳುವ ವಿಷ ಇದು. ಇದಕ್ಕೆ ಬಣ್ಣ ಇಲ್ಲ, ಕಣ್ಣಿಗೆ ಕಾಣಿಸುವುದಿಲ್ಲ. ನಾವು ಹಸಿರನ್ನು ನೋಡಿ "ಇಲ್ಲಿ ಬೆಳಕು ಬಿದ್ದಿದೆ, ಹಾಗಾದರೆ ಇದೂ ಹೆಚ್ಚಾಗಿರಬಹುದು" ಅಂತ ಊಹಿಸುತ್ತೇವೆ, ಅಷ್ಟೇ. ಇವೆರಡೂ ಒಂದನ್ನೊಂದು ಹಿಡಿದುಕೊಂಡು ನಡೆಯುವುದಿಲ್ಲ. ಸ್ವಲ್ಪ ಹಸಿರಾದ ಗಡ್ಡೆಯಲ್ಲಿ ವಿಷ ಕಡಿಮೆ ಇರಬಹುದು. ಪೆಟ್ಟು ಬಿದ್ದ, ಸೆಕೆಯಲ್ಲಿ ಬಹಳ ದಿನ ಕೂತ ಗಡ್ಡೆಯಲ್ಲಿ ಹಸಿರೇ ಇಲ್ಲದೆ ಜಾಸ್ತಿ ಆಗಿರಲೂಬಹುದು. ಇನ್ನೊಂದು ಮಾತು, ಹಸಿರಾದದ್ದನ್ನು ಕತ್ತಲಲ್ಲಿಟ್ಟರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹಸಿರು ನಿಧಾನಕ್ಕೆ ಮಾಸಬಹುದು, ಸೋಲನೈನ್ ಅಲ್ಲೇ ಇರುತ್ತದೆ.

ಈ ವಿಷ ಗಡ್ಡೆಯ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ. ಒಳಗಿನ ತಿರುಳಿನಲ್ಲಿ ಕೆಜಿಗೆ ಸುಮಾರು 12ರಿಂದ 50 ಮಿಲಿಗ್ರಾಂ ಇರುತ್ತದೆ, ಅದು ಏನೂ ಅಲ್ಲ. ಸಿಪ್ಪೆಯಲ್ಲಿ 150ರಿಂದ 600. ಮೊಳಕೆಯಲ್ಲಿ 2000ದಿಂದ 4000. ಅಂದರೆ ಮೊಳಕೆ, ಮೊಳಕೆ ಏಳುವ ಕಣ್ಣು, ಸಿಪ್ಪೆ, ಸಿಪ್ಪೆ ಕೆಳಗಿನ ಎರಡು ಮೂರು ಮಿಲಿಮೀಟರ್, ಇಷ್ಟರಲ್ಲೇ ಬಹುಪಾಲು ಕೂತಿರುತ್ತದೆ. ಗಡ್ಡೆ ಒಟ್ಟಾರೆ ಕೆಜಿಗೆ 200 ಮಿಲಿಗ್ರಾಂ ದಾಟಬಾರದು ಅನ್ನುವುದು ಬಹಳ ಕಾಲದಿಂದ ಒಪ್ಪಿಕೊಂಡು ಬಂದಿರುವ ಮಿತಿ. ಅಮೆರಿಕದಲ್ಲಿ ಚಿಪ್ಸ್‌ಗೆ ಅಂತಲೇ ಬೆಳೆಸಿದ ಲೆನಾಪೆ ಅನ್ನುವ ತಳಿ 1967ರಲ್ಲಿ ಬಂತು, ಚಿಪ್ಸ್ ಬಹಳ ಚೆನ್ನಾಗಿ ಆಗುತ್ತಿತ್ತು. ಆದರೆ ಈ ವಿಷ ತೀರಾ ಜಾಸ್ತಿ ಅಂತ ಗೊತ್ತಾಗಿ 1970ರಲ್ಲಿ ವಾಪಸ್ ತೆಗೆದುಕೊಂಡರು. ಹಸಿರಾಗುವುದಕ್ಕೂ ಮುಂಚೆಯೇ ಅದರಲ್ಲಿ ಅಷ್ಟಿತ್ತು.

ಇನ್ನು ಕುಕ್ಕರ್ ವಿಷಯ. ಸೋಲನೈನ್ ಒಡೆಯಬೇಕಾದರೆ ಶಾಖ 230 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಪ್ರೆಶರ್ ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ಬೋಂಡ ಕರಿಯುವ ಎಣ್ಣೆ 170–180. ಎರಡೂ ಸಾಲದು. ಹೆಚ್ಚಿದ ಹೋಳನ್ನು ನೀರಲ್ಲಿ ಬೇಯಿಸಿದಾಗ ಸ್ವಲ್ಪ ಭಾಗ ನೀರಿಗೆ ಇಳಿಯುತ್ತದೆ, ಕರಿದಾಗ ಸ್ವಲ್ಪ ಎಣ್ಣೆಗೆ ಇಳಿಯುತ್ತದೆ, ಆದರೆ ಎಷ್ಟು ಅಂತ ಲೆಕ್ಕ ಹಿಡಿಯಲು ಆಗುವುದಿಲ್ಲ. ಬೇಯಿಸಿ ನೀರು ಬಸಿದರೆ ಒಮ್ಮೆ ನೂರಕ್ಕೆ ಐದು ಭಾಗ ಹೋಗಬಹುದು, ಇನ್ನೊಮ್ಮೆ ಅರವತ್ತು ಹೋಗಬಹುದು. ಹುಳಿಗೋ ಸಾಗುವಿಗೋ ಆ ನೀರನ್ನೇ ಬಳಸಿದರೆ ಇಳಿದದ್ದೂ ತಟ್ಟೆಗೇ ಬಂತು. ಸಿಪ್ಪೆ ಹೆರೆದರೆ ಮಾತ್ರ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಖಂಡಿತ ಹೋಗುತ್ತದೆ, ದಪ್ಪಗೆ ಹೆರೆದಷ್ಟೂ ಜಾಸ್ತಿ. ಚಾಕು ಅಂತ ನಾನು ಒತ್ತಿ ಹೇಳುತ್ತಿರುವುದು ಅದಕ್ಕೇ.

ಈಗ ನಿಮ್ಮ ಐದು ಕೆಜಿಗೆ ಬರೋಣ. ಮೊದಲು ಮಣ್ಣು ಹೋಗುವ ಹಾಗೆ ತೊಳೆಯಿರಿ. ಮಣ್ಣು ಮೆತ್ತಿದ್ದರೆ ಹಸಿರು ಕಾಣಿಸುವುದೇ ಇಲ್ಲ. ನ್ಯೂಸ್‌ಪೇಪರ್ ಮೇಲೆ ಹರಡಿ, ಬಾಲ್ಕನಿಯಲ್ಲೋ ಕಿಟಕಿ ಪಕ್ಕದಲ್ಲೋ ಹಗಲು ಬೆಳಕಲ್ಲಿ ನೋಡಿ. ಅಡುಗೆಮನೆಯ ಹಳದಿ ಬಲ್ಬಿನ ಕೆಳಗೆ ತೆಳು ಹಸಿರು ಗೊತ್ತಾಗುವುದಿಲ್ಲ. ಕೆಂಪು ಸಿಪ್ಪೆಯ ಗಡ್ಡೆ ಇದ್ದರೆ ಉಗುರಿನಲ್ಲಿ ಸ್ವಲ್ಪ ಕೆರೆದು ಕೆಳಗಿನ ಬಣ್ಣ ನೋಡಿ, ಮೇಲಿಂದ ಅದು ಏನನ್ನೂ ತೋರಿಸುವುದಿಲ್ಲ.

ಮೊದಲು ಕೈಯಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದೆ, ಸಿಪ್ಪೆ ಬಿಗಿಯಾಗಿದೆ, ಕಣ್ಣುಗಳಲ್ಲಿ ಅಕ್ಕಿ ಕಾಳಿನಷ್ಟೋ ಕಡಲೆಯಷ್ಟೋ ಮೊಳಕೆ ಇದೆ. ಇಂಥದ್ದು ಚೆನ್ನಾಗಿದೆ, ಧೈರ್ಯವಾಗಿ ಬಳಸಿ. ಆದರೆ ಮೊಳಕೆಯನ್ನು ಬೆರಳಲ್ಲಿ ಮುರಿದು ಬಿಟ್ಟರೆ ಕೆಲಸ ಅರ್ಧ ಆಯ್ತು ಅಷ್ಟೇ, ಬುಡ ಕಣ್ಣೊಳಗೇ ಉಳಿಯುತ್ತದೆ. ಪೀಲರ್ ಪಕ್ಕದಲ್ಲಿ ಕೊಕ್ಕೆಯ ಹಾಗೆ ಒಂದು ಮೊನೆ ಇರುತ್ತದಲ್ಲ, ಅದು ಇದಕ್ಕೇ ಇರುವುದು. ಅದರಿಂದಲೋ ಚಾಕು ತುದಿಯಿಂದಲೋ ಕಣ್ಣಿನ ಸುತ್ತ, ಅರ್ಧ ಸೆಂಟಿಮೀಟರ್ ಆಳ ಬರುವ ಹಾಗೆ, ಒಂದು ಸುತ್ತು ತಿರುಗಿಸಿ ಕಿತ್ತು ತೆಗೆಯಿರಿ. ಆಮೇಲೆ ಇಡೀ ಗಡ್ಡೆಯ ಸಿಪ್ಪೆ ಹೆರೆಯಿರಿ.

ಇನ್ನೊಂದು ಗುಂಪು ನೋಡಿ: ಮೊಳಕೆ ಬೆರಳುದ್ದ ಬೆಳೆದಿದೆ, ಒಂದು ಗಡ್ಡೆಯಲ್ಲಿ ನಾಲ್ಕೈದು ಕಡೆ ಬಂದಿದೆ, ಮೈ ಸುಕ್ಕಾಗಿದೆ, ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಇದನ್ನು ಎಸೆದುಬಿಡಿ. ಗಡ್ಡೆಯ ನೀರು, ಸಕ್ಕರೆ ಎಲ್ಲಾ ಮೊಳಕೆಗೆ ಹೋಗಿರುತ್ತದೆ, ಉಳಿದದ್ದಕ್ಕೆ ರುಚಿಯೂ ಇಲ್ಲ. ಅಷ್ಟು ಕಣ್ಣುಗಳನ್ನು ಕೆತ್ತಿ ತೆಗೆದ ಮೇಲೆ ಕೈಯಲ್ಲಿ ಉಳಿಯುವುದು ಒಂದೆರಡು ತುಂಡು. ಅದಕ್ಕೋಸ್ಕರ ಅಪಾಯ ಮೈಮೇಲೆ ಎಳೆದುಕೊಳ್ಳುವುದು ಯಾಕೆ?

ಹಸಿರಿನದು ಸ್ವಲ್ಪ ಸೂಕ್ಷ್ಮ, ಅದಕ್ಕೆ ಒಂದು ಗಡ್ಡೆಯನ್ನೇ ತೆಗೆದುಕೊಂಡು ಹೇಳುತ್ತೇನೆ. ಸುಮಾರು 150 ಗ್ರಾಂನ ಗಡ್ಡೆ, ಗಟ್ಟಿಯಾಗಿದೆ, ಒಂದು ಮಗ್ಗುಲಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಅಗಲ ತಿಳಿ ಹಸಿರು. ಮೊದಲು ಪೀಲರ್‌ನಲ್ಲಿ ಆ ಜಾಗದ ಸಿಪ್ಪೆ ತೆಗೆಯಿರಿ. ಕೆಳಗೆ ಇನ್ನೂ ಹಸಿರು ಛಾಯೆ ಇರುತ್ತದೆ, ಪೀಲರ್ ಎಳೆಯುವುದು ಒಂದು ಮಿಲಿಮೀಟರ್ ಆಸುಪಾಸು ಮಾತ್ರ ಅಲ್ವಾ. ಅದೇ ಜಾಗದಲ್ಲಿ ಚಾಕುವಿನಿಂದ ಒಂದು ದಪ್ಪ ಹೋಳು ತೆಗೆಯಿರಿ. ಈಗ ತಿರುಳು ಪೂರ್ತಿ ಬಿಳಿ ಅಥವಾ ತಿಳಿ ಹಳದಿ ಕಾಣಿಸಿದರೆ ಸುತ್ತಲೂ ಇನ್ನೊಂದಿಷ್ಟು ಅಂಚು ಬಿಟ್ಟು ತೆಗೆದು, ಉಳಿದದ್ದನ್ನು ಬಳಸಿ. ಹೋಳು ತೆಗೆದ ಮೇಲೂ ಹಸಿರು ಕಾಣಿಸುತ್ತಿದ್ದರೆ ಗಡ್ಡೆಯನ್ನು ಆ ಜಾಗದಲ್ಲೇ ಅಡ್ಡಕ್ಕೆ ಎರಡು ಭಾಗ ಮಾಡಿ, ಹಸಿರು ಎಷ್ಟು ಒಳಗೆ ಹೋಗಿದೆ ನೋಡಿ. ಅಂಚಿನಲ್ಲಿ ಗೆರೆಯ ಹಾಗೆ ಇದ್ದರೆ ತೆಗೆಯಬಹುದು. ಪಟ್ಟಿಯ ಹಾಗೆ ಒಳಕ್ಕೆ ಹರಡಿದ್ದರೆ, ಅಥವಾ ಗಡ್ಡೆಯ ಮೈ ಅರ್ಧಕ್ಕಿಂತ ಜಾಸ್ತಿ ಹಸಿರಾಗಿದ್ದರೆ ಚೌಕಾಸಿ ಬೇಡ, ಎಸೆಯಿರಿ. ಹಸಿರೂ ಇದೆ, ಮೊಳಕೆಯೂ ಇದೆ, ಮೆತ್ತಗೂ ಆಗಿದೆ ಅಂದರೆ ಕತ್ತರಿಸಿ ನೋಡುವ ಅಗತ್ಯವೇ ಇಲ್ಲ.

ಗೋಲಿ ಗಾತ್ರದ ಸಣ್ಣ ಆಲೂಗಡ್ಡೆ ಹಸಿರಾದರೆ ನಾನು ಒಂದನ್ನೂ ಉಳಿಸಿಕೊಳ್ಳುವುದಿಲ್ಲ. ಗಾತ್ರ ಸಣ್ಣದಾದಷ್ಟೂ ತಿರುಳಿಗೆ ಹೋಲಿಸಿದರೆ ಸಿಪ್ಪೆಯೇ ಜಾಸ್ತಿ. ಅದನ್ನು ಸಿಪ್ಪೆ ಸಮೇತ ಹುರಿಯುವುದೇ ವಾಡಿಕೆ ಬೇರೆ.

ನಮ್ಮ ಬೆಂಗಳೂರಿನ ಮನೆಗಳಲ್ಲಿ ಎಲ್ಲರೂ ಮಾಡುವ ಒಂದು ಅಭ್ಯಾಸದ ಬಗ್ಗೆ ಇಲ್ಲಿ ಹೇಳಲೇಬೇಕು. ದೋಸೆ ಪಲ್ಯಕ್ಕೆ, ಬೋಂಡಕ್ಕೆ, ಪೂರಿ ಸಾಗುವಿಗೆ ನಾವು ಗಡ್ಡೆಯನ್ನು ಸಿಪ್ಪೆ ಸಮೇತ ಕುಕ್ಕರ್‌ಗೆ ಹಾಕಿ, ಬೆಂದ ಮೇಲೆ ಸುಲಿಯುತ್ತೇವೆ. ಒಳ್ಳೆಯ ಗಡ್ಡೆಗೆ ಅದರಲ್ಲಿ ತಪ್ಪೇನೂ ಇಲ್ಲ, ಕೆಲಸ ಸಲೀಸು. ಆದರೆ ಬೆಂದ ಗಡ್ಡೆ ಸುಲಿದಾಗ ಬರುವ ಸಿಪ್ಪೆಯನ್ನು ಒಮ್ಮೆ ಬೆರಳಲ್ಲಿ ಹಿಡಿದು ನೋಡಿ. ಅದು ಬರೀ ಮೇಲಿನ ತೆಳು ಪೊರೆ, ಆಚೆ ಕಡೆ ಇರುವ ಬೆರಳು ಕಾಣಿಸುವಷ್ಟು ತೆಳು. ಅದರ ಕೆಳಗಿನ ಎರಡು ಮೂರು ಮಿಲಿಮೀಟರ್, ಅಂದರೆ ನಮಗೆ ಬೇಡವಾದ ಪದರ, ಹಾಗೇ ಪಲ್ಯಕ್ಕೆ ಹೋಗುತ್ತದೆ. ಕಣ್ಣುಗಳೂ ಮೆತ್ತಗಾಗಿ ಕಿವುಚುವಾಗ ಸೇರಿಹೋಗುತ್ತವೆ. ಮೇಲಾಗಿ ಅರಿಶಿನ ಬಿದ್ದ ಮೇಲೆ ಹಸಿರು ಯಾರಿಗೆ ಕಾಣಿಸುತ್ತದೆ? ಹಾಗಾಗಿ ಮೊಳಕೆ ಬಂದದ್ದು, ಹಸಿರಾದದ್ದು ಯಾವುದೇ ಇರಲಿ, ಹಸಿಯಾಗಿದ್ದಾಗಲೇ ಹೆರೆದು, ಕೆತ್ತಿ, ಹೋಳು ಮಾಡಿ, ತೆರೆದ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು ಬೇಯಿಸಿ, ಆ ನೀರನ್ನು ಚೆಲ್ಲಿ. ಪಲ್ಯ ಸ್ವಲ್ಪ ನೀರಾಗುತ್ತದೆ ಅನ್ನುವ ಚಿಂತೆ ಇದ್ದರೆ ಬಸಿದ ಮೇಲೆ ಬಿಸಿ ಬಾಣಲೆಯಲ್ಲಿ ಎರಡು ನಿಮಿಷ ಹಾಗೇ ಆಡಿಸಿ, ನೀರು ಆರುತ್ತದೆ.

"ನಾವೆಲ್ಲ ತಿಂದಿಲ್ವಾ" ಅನ್ನುವ ನಿಮ್ಮ ಅತ್ತೆಯ ಮಾತು ಸುಳ್ಳಲ್ಲ. ಅವರು ತಿಂದಿದ್ದಾರೆ, ಏನೂ ಆಗಿಲ್ಲ. ಆದರೆ ಅವರಿಗೆ ಆಗದಿರುವುದಕ್ಕೂ ಮೊಮ್ಮಗಳಿಗೆ ಆಗಬಹುದಾದದ್ದಕ್ಕೂ ಮಧ್ಯೆ ಮೈತೂಕದ ಲೆಕ್ಕ ಇದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಇದನ್ನೆಲ್ಲ ಪರಿಶೀಲಿಸಿ ಹೇಳಿದ್ದು ಏನೆಂದರೆ, ಮೈತೂಕದ ಕೆಜಿಗೆ 1 ಮಿಲಿಗ್ರಾಂ ಒಳಗೆ ಹೋದರೆ ಹೊಟ್ಟೆನೋವು, ವಾಂತಿ, ಭೇದಿ ಕಾಣಿಸಿಕೊಳ್ಳಬಹುದು. ಅರವತ್ತು ಕೆಜಿ ತೂಕದ ದೊಡ್ಡವರಿಗೆ ಇದು 60 ಮಿಲಿಗ್ರಾಂ. ಹದಿನಾರು ಕೆಜಿ ಇರುವ ಮಗುವಿಗೆ 16.

ಈಗ ಚೆನ್ನಾಗಿ ಹಸಿರಾದ, ಕೆಜಿಗೆ 250 ಮಿಲಿಗ್ರಾಂ ಇರುವ ಗಡ್ಡೆ ಅಂದುಕೊಳ್ಳಿ. ದೊಡ್ಡವರು ಆ ಮಟ್ಟ ಮುಟ್ಟಬೇಕಾದರೆ ಒಂದೇ ಊಟದಲ್ಲಿ 240 ಗ್ರಾಂ ತಿನ್ನಬೇಕು. ಒಂದು ದೋಸೆಯ ಪಲ್ಯದಲ್ಲಿ ಅಷ್ಟು ಇರುವುದಿಲ್ಲ, ಜೊತೆಗೆ ಒಳ್ಳೆಯ ಗಡ್ಡೆಗಳೂ ಬೆರೆತಿರುತ್ತವೆ. ಮಗುವಿಗೆ ಬರೀ 64 ಗ್ರಾಂ ಸಾಕು, ಒಂದು ಸಣ್ಣ ಗಡ್ಡೆ. ಮೊಳಕೆಯ ಲೆಕ್ಕ ಇನ್ನೂ ಕೆಟ್ಟದು: 5 ಗ್ರಾಂ ಮೊಳಕೆಯಲ್ಲೇ 10ರಿಂದ 20 ಮಿಲಿಗ್ರಾಂ ಇರುತ್ತದೆ. ಅದೇ ದಪ್ಪಗೆ ಸಿಪ್ಪೆ ಹೆರೆದ ಒಳ್ಳೆಯ ಗಡ್ಡೆಯ ತಿರುಳು 100 ಗ್ರಾಂ ಕೊಟ್ಟರೆ ಮಗುವಿಗೆ ಹೋಗುವುದು 1ರಿಂದ 5 ಮಿಲಿಗ್ರಾಂ. ಅದಕ್ಕೇ ನಿಮಗೆ ನನ್ನ ಸಲಹೆ ಇದು: ಕೆತ್ತಿ ಉಳಿಸಿಕೊಂಡ ಗಡ್ಡೆಗಳ ಅಡುಗೆ ದೊಡ್ಡವರಿಗೆ ಇರಲಿ, ಮಗಳ ಪಾಲಿಗೆ ಮೊಳಕೆಯೂ ಹಸಿರೂ ಇಲ್ಲದ ಎರಡು ಗಡ್ಡೆ ಬೇರೆ ತೆಗೆದಿಡಿ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರ ಅಲ್ಲ. 1969ರಲ್ಲಿ ಲಂಡನ್ನಿನ ಒಂದು ಹುಡುಗರ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 78 ಹುಡುಗರು ವಾಂತಿ ಭೇದಿಯಿಂದ ಮಲಗಿದರು. ಅವರಲ್ಲಿ 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹುಡುಕಿದಾಗ ಸಿಕ್ಕಿದ್ದು ಬೇಸಿಗೆ ರಜೆಗೆ ಮುಂಚೆ ಉಳಿದುಹೋಗಿ, ರಜೆ ಮುಗಿದ ಮೇಲೆ ಬೇಯಿಸಿದ ಒಂದು ಚೀಲ ಆಲೂಗಡ್ಡೆ. ಎಲ್ಲರೂ ಗುಣವಾದರು. ಗಮನಿಸಿ, ಅವೂ ಬೆಂದ ಆಲೂಗಡ್ಡೆಗಳೇ.

ಕೊನೆಯ ಪರೀಕ್ಷೆ ನಾಲಿಗೆಯದು. ಕೆಜಿಗೆ 140 ಮಿಲಿಗ್ರಾಂ ಆಸುಪಾಸು ಬಂದರೆ ಆಲೂಗಡ್ಡೆ ಕಹಿಯಾಗುತ್ತದೆ. 200 ದಾಟಿದರೆ ಗಂಟಲಲ್ಲಿ ಉರಿ, ನಾಲಿಗೆ ಚುರುಚುರು ಅನ್ನುತ್ತದೆ. ಆದರೆ ಇದು ಒಗ್ಗರಣೆಗೆ ಮುಂಚೆ ಮಾತ್ರ ಗೊತ್ತಾಗುತ್ತದೆ. ಹಸಿಮೆಣಸಿನಕಾಯಿ, ಹುಣಸೆಹುಳಿ, ಗರಂ ಮಸಾಲೆ ಬಿದ್ದ ಮೇಲೆ ಆ ಉರಿ ಯಾವುದರದು ಅಂತ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಬೆಂದ ಹೋಳೊಂದನ್ನು, ಉಪ್ಪೂ ಹಾಕದೆ, ಬಾಯಲ್ಲಿಟ್ಟು ಅಗಿದು ನೋಡಿ. ಕಹಿ ಅನ್ನಿಸಿದರೆ ಉಗಿದು ಇಡೀ ಪಾತ್ರೆ ಚೆಲ್ಲಿ. ಕಹಿ ಇಲ್ಲ ಅಂದ ಮಾತ್ರಕ್ಕೆ ಚಾಕು ಕೆಲಸ ಬಿಡಬಹುದು ಅಂತಲ್ಲ, ಇದು ಅದರ ಮೇಲೆ ಇನ್ನೊಂದು ಕಾವಲು. ಇನ್ನು ಮಗಳು "ಅಮ್ಮಾ, ಕಹಿ" ಅಂತ ತಟ್ಟೆ ತಳ್ಳಿದರೆ ಅವತ್ತು ಮಾತ್ರ ಬಲವಂತ ಮಾಡಬೇಡಿ, ನೀವೂ ಒಂದು ತುತ್ತು ತಿಂದು ನೋಡಿ.

ಈಗಾಗಲೇ ತಿಂದಾಗಿದ್ದರೆ ಗಾಬರಿ ಬೇಡ. ಸ್ವಲ್ಪ ತಿಂದಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ತೊಂದರೆ ಊಟ ಆದ ಕೂಡಲೇ ಕಾಣಿಸಬೇಕೆಂದಿಲ್ಲ, ಕೆಲವು ಗಂಟೆ ಬಿಟ್ಟು ಹೊಟ್ಟೆ ಹಿಂಡಿದ ಹಾಗೆ ನೋವು, ವಾಂತಿ, ಭೇದಿ ಶುರುವಾಗುತ್ತದೆ. ಬೇರೆ ಊಟದಿಂದ ಹೊಟ್ಟೆ ಕೆಟ್ಟ ಹಾಗೇ ಇರುವುದರಿಂದ ಆಲೂಗಡ್ಡೆ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಬಹಳ ಮಟ್ಟಿಗೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ, ಓಆರ್‌ಎಸ್ ನೀರು ಕುಡಿಸುತ್ತಿರಿ. ವಾಂತಿ ನಿಲ್ಲುತ್ತಿಲ್ಲ, ಮಗು ಮಂಕಾಗಿದೆ, ಎಬ್ಬಿಸಿದರೂ ತೂಕಡಿಸುತ್ತಿದೆ, ಮಾತು ತೊದಲುತ್ತಿದೆ, ಉಸಿರಾಟ ಸರಿಯಿಲ್ಲ ಅಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಏನು ತಿಂದದ್ದು ಅಂತ ಡಾಕ್ಟರಿಗೆ ಬಿಡಿಸಿ ಹೇಳಿ, ಸಾಧ್ಯವಾದರೆ ಉಳಿದ ಗಡ್ಡೆಯೊಂದನ್ನು ಜೊತೆಗೆ ಒಯ್ಯಿರಿ.

ಇಷ್ಟು ಬೇಗ ಮೊಳಕೆ ಬಂದಿದ್ದು ಯಾಕೆ ಅಂತಲೂ ನೀವು ಯೋಚಿಸಿರಬಹುದು. ಬೆಂಗಳೂರಿಗೆ ಎರಡು ಥರದ ಆಲೂಗಡ್ಡೆ ಬರುತ್ತದೆ. ಒಂದು ಹಾಸನ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹೊಸ ಬೆಳೆ. ಇನ್ನೊಂದು ಆಗ್ರಾ ಕಡೆಯಿಂದ ಬರುವುದು. ಅಲ್ಲಿ ಫೆಬ್ರವರಿ–ಮಾರ್ಚ್‌ನಲ್ಲಿ ಅಗೆದು ಕೋಲ್ಡ್ ಸ್ಟೋರೇಜ್‌ಗೆ ಹಾಕಿ, ವರ್ಷದ ಉಳಿದ ತಿಂಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರೆ. ಅಗೆದ ಹೊಸತರಲ್ಲಿ ಆಲೂಗಡ್ಡೆ ಒಂದೆರಡು ತಿಂಗಳು ನಿದ್ದೆಯಲ್ಲಿರುತ್ತದೆ, ಮೊಳಕೆ ಬರುವುದಿಲ್ಲ. ಕೋಲ್ಡ್ ಸ್ಟೋರೇಜ್‌ನದ್ದಕ್ಕೆ ಆ ನಿದ್ದೆ ಯಾವಾಗಲೋ ಮುಗಿದಿರುತ್ತದೆ, ಚಳಿಯೊಂದೇ ಅದನ್ನು ತಡೆದಿರುತ್ತದೆ. ನಿಮ್ಮ ಅಡುಗೆಮನೆಯ 25–28 ಡಿಗ್ರಿಗೆ ಬಂದ ಕೂಡಲೇ ಮೊಳಕೆ ಏಳುತ್ತದೆ. ಅಂಥದ್ದು ಕಡಿಮೆಗೆ ಸಿಕ್ಕರೂ ವಾರಕ್ಕೆ ಬೇಕಾದಷ್ಟೇ ತನ್ನಿ.

ತಂದದ್ದನ್ನು ಪ್ಲಾಸ್ಟಿಕ್ ಕವರಿಂದ ತೆಗೆದು, ಒಣಗಿದ ಗೋಣಿಚೀಲದಲ್ಲೋ ಮುಚ್ಚಳ ಇಲ್ಲದ ರಟ್ಟಿನ ಡಬ್ಬಿಯಲ್ಲೋ ಹಾಕಿ, ಮೇಲೆ ನ್ಯೂಸ್‌ಪೇಪರ್ ಹೊದಿಸಿ ಸಿಂಕ್‌ನಿಂದ ದೂರ ಕತ್ತಲಲ್ಲಿಡಿ. ತೊಳೆದು ಇಡಬೇಡಿ, ಬಳಸುವ ದಿನ ತೊಳೆದರೆ ಸಾಕು. ಕಟ್ಟೆ ಮೇಲಿನ ತಂತಿ ಬುಟ್ಟಿ ಆಲೂಗಡ್ಡೆಗೆ ಆಗುವುದಿಲ್ಲ, ಟ್ಯೂಬ್‌ಲೈಟ್ ಬೆಳಕೇ ಹಸಿರು ಮಾಡಲು ಸಾಕು. ಅಂಗಡಿಯಲ್ಲೇ ದೀಪದ ಕೆಳಗೆ ಮೇಲುಗಡೆ ಕೂತಿದ್ದವು ಎಷ್ಟೋ ಸಲ ಆಗಲೇ ಹಸಿರು ತಿರುಗಿರುತ್ತವೆ, ಆರಿಸುವಾಗ ತಿರುಗಿಸಿ ನೋಡಿ. ಫ್ರಿಜ್‌ನಲ್ಲಿಟ್ಟರೆ ಮೊಳಕೆ ತಡೆಯುತ್ತದೆ, ಆದರೆ ಪಿಷ್ಟ ಸಕ್ಕರೆಯಾಗಿ ಗಡ್ಡೆ ಸಿಹಿಯಾಗುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ. ಹುಳಿ, ಸಾಗುವಿಗೆ ಪರವಾಗಿಲ್ಲ, ಚಿಪ್ಸ್‌ಗೆ, ಫ್ರೈಗೆ ಬೇಡ.

ಎಸೆಯಬೇಕಾದ ಗಡ್ಡೆಗಳಲ್ಲಿ ಕೊಳೆಯದೆ ಇರುವುದನ್ನು, ಮೊಳಕೆ ದಪ್ಪಗಿರುವುದನ್ನು ಆರಿಸಿ ಬಾಲ್ಕನಿಯ ಗ್ರೋ ಬ್ಯಾಗ್‌ನಲ್ಲಿ ನೆಡಬಹುದು, ಮಗಳಿಗೂ ಖುಷಿ. ಆದರೆ ಆ ಗಿಡದ ಸೊಪ್ಪಿನಲ್ಲೂ, ಹೂ ಬಿಟ್ಟು ಆಮೇಲೆ ಕೆಲವೊಮ್ಮೆ ಆಗುವ ಹಸಿರು ಟೊಮೆಟೊ ಥರದ ಪುಟ್ಟ ಕಾಯಿಯಲ್ಲೂ ಇದೇ ವಿಷ ಇರುತ್ತದೆ. ಬಾಯಿಗೆ ಹಾಕಿಕೊಳ್ಳಬಾರದು ಅಂತ ಅವಳಿಗೆ ಮೊದಲೇ ಹೇಳಿಡಿ, ಕಾಯಿ ಕಂಡ ಕೂಡಲೇ ಕಿತ್ತುಬಿಡಿ. ಗಡ್ಡೆ ಮಣ್ಣಿನಿಂದ ಮೇಲೆ ಇಣುಕಿದರೆ ಅದೂ ಹಸಿರಾಗುತ್ತದೆ, ಹಾಗಾಗಿ ಆಗಾಗ ಬುಡಕ್ಕೆ ಮಣ್ಣು ಏರಿಸುತ್ತಿರಿ.